84 ಅರ್ಜಿ, 10 ಕರೆ: ಸೋರಿದ್ದು ಎಲ್ಲಿ?

ಕಳೆದ ಭಾನುವಾರ ಚಿಕ್ಕಮ್ಮನ ಮಗ ಕೊಂಡಾಪುರದ ನಮ್ಮ ಮನೆಗೆ ಊಟಕ್ಕೆ ಬಂದಿದ್ದ. ಭಾಲ್ಕಿಯ ಹುಡುಗ, ಅಮೀರ್‌ಪೇಟೆಯ ಹಾಸ್ಟೆಲ್‌ನಲ್ಲಿ ಇರುತ್ತಾನೆ. ಜಾವಾದಲ್ಲಿ ಮೂರು ವರ್ಷದ ಅನುಭವ, ನಾಲ್ಕು ತಿಂಗಳಿಂದ ಕೆಲಸ ಹುಡುಕುತ್ತಿದ್ದಾನೆ. ಊಟ ಮುಗಿಸಿ ಕೈ ತೊಳೆಯುತ್ತಾ ಹೇಳಿದ: "ಅಣ್ಣಾ, ನೂರಾ ನಲವತ್ತು ಕಡೆ ಅಪ್ಲೈ ಮಾಡೀನಿ. ಎಲ್ಲೂ ಆಗವಲ್ದು. ಇನ್ನೂರು ಮಾಡಿಬಿಡ್ತೀನಿ."

ಕೆಲಸ ಹುಡುಕುವವರಿಗೆ ಎಲ್ಲರೂ ಕೊಡುವ ಸಲಹೆಯೂ ಇದೇ ತಾನೇ? ಇನ್ನಷ್ಟು ಹಾಕು, ಎಲ್ಲೋ ಒಂದು ಕಡೆ ಹತ್ತುತ್ತದೆ. ಈ ಸಲಹೆ ಬಹುತೇಕ ಸಲ ತಪ್ಪು ಎಂಬುದು ನನ್ನ ವಾದ. 2023ರಲ್ಲಿ ಇದನ್ನೇ ನಂಬಿ ನಾನು ಆರು ವಾರ ಕಳೆದುಕೊಂಡೆ. ಎಷ್ಟು ಅರ್ಜಿ ಹಾಕಿದೆ ಎಂಬುದನ್ನಷ್ಟೇ ಎಣಿಸಿದೆ, ಯಾವ ಹಂತದಲ್ಲಿ ಎಷ್ಟು ಉದುರಿಹೋದವು ಎಂಬುದನ್ನು ನೋಡಲಿಲ್ಲ.

ಆ ವರ್ಷದ ಜನವರಿ ನಿಮಗೂ ನೆನಪಿರಬಹುದು. ಮೈಕ್ರೋಸಾಫ್ಟ್ 10,000, ಗೂಗಲ್ 12,000 ಹುದ್ದೆ ಕಡಿತ ಮಾಡುವುದಾಗಿ ಒಂದೇ ವಾರದ ಅಂತರದಲ್ಲಿ ಘೋಷಿಸಿದವು. ಅಷ್ಟು ದೊಡ್ಡದಲ್ಲದ ನಮ್ಮ ಕಂಪನಿ ಫೆಬ್ರವರಿಯಲ್ಲಿ ನಮ್ಮ ತಂಡವನ್ನೇ ಮುಚ್ಚಿತು. ಏಪ್ರಿಲ್ 30 ನನ್ನ ಕೊನೆಯ ದಿನ. ಮನೆ ಸಾಲದ ಕಂತು, ಮಗಳ ಶಾಲೆಯ ಫೀಸು ಎಲ್ಲ ಸೇರಿಸಿ ಲೆಕ್ಕ ಹಾಕಿದಾಗ ಉಳಿತಾಯ ಆಗಸ್ಟ್ ಕೊನೆಯವರೆಗೆ ಬರುತ್ತಿತ್ತು. ಬೀದರ್‌ನಲ್ಲಿ ಅಪ್ಪ ಪಾರ್ಶ್ವವಾಯುವಿನಿಂದ ಮಲಗಿದ್ದರು. ಪ್ರತಿ ಶನಿವಾರ ನಾನು ಅಲ್ಲಿಗೆ ಹೋಗಬೇಕಿತ್ತು.

ಹೀಗೆ ಹಂತ ಹಂತವಾಗಿ ಎಣಿಸುವುದನ್ನು ಮಾರಾಟ ವಿಭಾಗದವರು ಫನೆಲ್ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಲಾಳಿಕೆ. ಆದರೆ ಈ ಹೋಲಿಕೆ ನನಗೆ ಅಷ್ಟು ಸರಿ ಕಾಣುವುದಿಲ್ಲ. ಹಿಂದೆ ರೇಷನ್ ಅಂಗಡಿಯಲ್ಲಿ ಲಾಳಿಕೆ ಇಟ್ಟು ಸೀಮೆಎಣ್ಣೆ ಸುರಿದರೆ ಹಾಕಿದ್ದೆಲ್ಲ ಡಬ್ಬಿಗೆ ಇಳಿಯುತ್ತಿತ್ತು. ಕೆಲಸ ಹುಡುಕುವುದು ಹಾಗಲ್ಲ. ಅದು ಒಂದರ ಕೆಳಗೊಂದು ಇಟ್ಟ ಸಾಣಿಗೆಗಳ ಹಾಗೆ. ಅರ್ಜಿ, ಎಚ್‌ಆರ್ ಕರೆ, ತಾಂತ್ರಿಕ ಸುತ್ತು, ಕೊನೆಯ ಸುತ್ತು, ಆಫರ್ ಎಂದು ಐದು ಹಂತ. ಪ್ರತಿ ಸಾಣಿಗೆಯ ಕಣ್ಣೂ ಬೇರೆ, ತಡೆಯುವ ಕಾರಣವೂ ಬೇರೆ. ಹಿಟ್ಟು ಕೆಳಗೆ ಬೀಳುತ್ತಿಲ್ಲವೆಂದರೆ ಯಾವ ಸಾಣಿಗೆಯಲ್ಲಿ ನಿಂತಿದೆ ಎಂದು ಮೊದಲು ನೋಡಬೇಕು. ಮೇಲಿನಿಂದ ಇನ್ನೊಂದು ಸೇರು ಸುರಿದರೆ ಏನು ಪ್ರಯೋಜನ?

ಮೊದಲ ಆರು ವಾರದಲ್ಲಿ ನಾನು 84 ಅರ್ಜಿ ಹಾಕಿದೆ, ವಾರಕ್ಕೆ 14ರಂತೆ. ವಾರಕ್ಕೆ 14 ಎಂಬ ಗುರಿ ಇಟ್ಟುಕೊಂಡದ್ದೇ ತಪ್ಪಾಯಿತು. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಹತ್ತೇ ಆಗಿದ್ದರೆ, ಲಿಂಕ್ಡ್‌ಇನ್‌ನಲ್ಲಿ ಒಂದೇ ಒತ್ತಿಗೆ ಅರ್ಜಿ ಹೋಗುವ ನಾಲ್ಕು ಹುದ್ದೆ ಹುಡುಕಿ ಒತ್ತಿ ಮಲಗುತ್ತಿದ್ದೆ. ಲೆಕ್ಕ ತುಂಬಿತು, ನಿದ್ದೆಯೂ ಬಂತು. ಆ ಹುದ್ದೆಗಳು ನನಗೆ ಹೊಂದುತ್ತವೆಯೇ ಎಂದು ಓದಲಿಲ್ಲ.

ಅರ್ಜಿಗಳ ಪಟ್ಟಿ ಒಂದು ಸ್ಪ್ರೆಡ್‌ಶೀಟ್‌ನಲ್ಲಿತ್ತು. ಕಳಿಸಿದ ದಿನಾಂಕ, ಎಲ್ಲಿಂದ ಹೋಯಿತು, ಯಾವ ಊರಿನ ಹುದ್ದೆ, ಯಾವ ರೆಸ್ಯೂಮ್, ಕರೆ ಬಂದ ದಿನ, ಎಲ್ಲಿ ನಿಂತಿತು. ಇದಲ್ಲದೆ ಹೆಂಡತಿಯ ಸಲಹೆಯ ಮೇರೆಗೆ ಸೇರಿಸಿದ ಒಂದು ಕಾಲಮ್: ಅವರು ಸುಮ್ಮನಾಗುವ ಮೊದಲು ಕೇಳಿದ ಕೊನೆಯ ಪ್ರಶ್ನೆ ಏನು? ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಕೊನೆಯ ಕಾಲಮ್.

ನನ್ನ ಮೊದಲ ಎಡವಟ್ಟು ಹೇಳುತ್ತೇನೆ, ಏಕೆಂದರೆ ಇದನ್ನು ಬಹಳ ಜನ ಮಾಡುತ್ತಾರೆ. ನಾಲ್ಕು ವಾರವಾದ ಮೇಲೆ ರೆಸ್ಯೂಮ್ ಪೂರ್ತಿ ತಿದ್ದಿ ಬರೆದೆ. ಆರನೇ ವಾರದ ಕೊನೆಗೆ ಹೋಲಿಸಿ ನೋಡಿದೆ. ಹಳೆಯ ರೆಸ್ಯೂಮ್‌ನಲ್ಲಿ 52 ಅರ್ಜಿಗೆ 6 ಕರೆ, ಹೊಸದರಲ್ಲಿ 32 ಅರ್ಜಿಗೆ 1 ಕರೆ. ಒಂಬತ್ತಕ್ಕೆ ಒಂದು ಬರುತ್ತಿದ್ದದ್ದು ಮೂವತ್ತೆರಡಕ್ಕೆ ಒಂದಕ್ಕೆ ಇಳಿದಿತ್ತು. ಹೊಸದನ್ನು ಕಸದ ಬುಟ್ಟಿಗೆ ಹಾಕುವುದರಲ್ಲಿದ್ದೆ. ಆಮೇಲೆ ದಿನಾಂಕದ ಕಾಲಮ್ ಕಣ್ಣಿಗೆ ಬಿತ್ತು. ಬಂದ ಕರೆಗಳಲ್ಲಿ ಬೇಗನೆ ಬಂದದ್ದು ಮೂರನೇ ದಿನಕ್ಕೆ, ತಡವಾಗಿ ಬಂದದ್ದು ಹತ್ತೊಂಬತ್ತನೇ ದಿನಕ್ಕೆ. ಹೊಸ ರೆಸ್ಯೂಮ್‌ನ ಒಂದು ಅರ್ಜಿಗೂ ಇನ್ನೂ ಹತ್ತೊಂಬತ್ತು ದಿನ ತುಂಬಿರಲಿಲ್ಲ. ಮೊನ್ನೆ ಬಿತ್ತಿದ ಹೊಲವನ್ನು ಹೋದ ತಿಂಗಳು ಬಿತ್ತಿದ ಹೊಲದ ಪಕ್ಕ ಇಟ್ಟು ಬೆಳೆ ಅಳೆದ ಹಾಗಾಯಿತು. ಎಂ.ಟೆಕ್‌ನಲ್ಲಿ ಅಂಕಿಅಂಶದ ಪಾಠ ಓದಿದವನು ನಾನು, ನನ್ನದೇ ಜೀವನದ ಅಂಕಿ ಬಂದಾಗ ಅದೆಲ್ಲ ಮರೆತಿದ್ದೆ.

ಮೂರು ವಾರ ಕಾದೆ. ಆ 32 ಅರ್ಜಿಗಳಿಂದ ಒಟ್ಟು 4 ಕರೆ ಬಂದವು. ಎಂಟಕ್ಕೆ ಒಂದು. ಹಳೆಯದಕ್ಕೂ ಹೊಸದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ನಾನು ನಿದ್ದೆಗೆಟ್ಟು ತಿದ್ದಿದ ರೆಸ್ಯೂಮ್ ಕೆಡಿಸಲೂ ಇಲ್ಲ, ಸುಧಾರಿಸಲೂ ಇಲ್ಲ. ಅಂದಿನಿಂದ ಮೂರು ವಾರ ತುಂಬದ ಅರ್ಜಿಯನ್ನು ಯಾವ ಲೆಕ್ಕಕ್ಕೂ ಸೇರಿಸುವುದನ್ನು ಬಿಟ್ಟೆ.

ಈಗ ಲೆಕ್ಕ ಮಾಗಿತ್ತು: 84 ಅರ್ಜಿ, 10 ಕರೆ, 4 ತಾಂತ್ರಿಕ ಸುತ್ತು, 1 ಕೊನೆಯ ಸುತ್ತು, ಆಫರ್ ಸೊನ್ನೆ. ಇದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಎದೆ ಧಸಕ್ಕೆನ್ನುತ್ತದೆ. ಮೂರು ಕೊನೆಯ ಸುತ್ತಿಗೆ ಒಂದು ಆಫರ್ ಸಿಗುತ್ತದೆ ಎಂದು ಉದಾರವಾಗಿ ಹಿಡಿದರೂ, ಒಂದು ಆಫರ್‌ಗೆ 252 ಅರ್ಜಿ ಬೇಕು. ವಾರಕ್ಕೆ 14ರಂತೆ 18 ವಾರ. ಆರು ವಾರದ ದುಡಿಮೆ ಆಗಲೇ ಕಳೆದಿತ್ತು, ಇನ್ನು ಹನ್ನೆರಡು ವಾರ ಅರ್ಜಿ ಹಾಕಬೇಕು. ಕೊನೆಯ ಅರ್ಜಿ ಕಳಿಸಿದ ಮೇಲೂ ಸುತ್ತುಗಳು ಮುಗಿದು ಆಫರ್ ಕೈಗೆ ಬರಲು ಇನ್ನೊಂದು ತಿಂಗಳಾದರೂ ಬೇಕು. ಆಗಸ್ಟ್ ಕೊನೆಗೆ ಹಣ ಮುಗಿಯುತ್ತದೆ. ಹಾಗಾಗಿ ಇದೇ ದಾರಿಯಲ್ಲಿ ನಡೆದರೆ ದಡ ಸೇರುವುದು ಅನುಮಾನ ಎಂಬುದು ಕಾಗದದ ಮೇಲೆ ಸ್ಪಷ್ಟವಾಯಿತು.

ಆ 84ನ್ನು ಒಟ್ಟಾಗಿ ನೋಡುವುದನ್ನು ಬಿಟ್ಟು ಎಲ್ಲಿಂದ ಹೋದವು ಎಂದು ಒಡೆದು ನೋಡಿದಾಗ ಚಿತ್ರ ಬದಲಾಯಿತು. ಒಂದೇ ಒತ್ತಿನ ಪೋರ್ಟಲ್ ಅರ್ಜಿ 61, ಅದರಿಂದ 3 ಕರೆ. ಕಂಪನಿಯ ಸ್ವಂತ ಜಾಲತಾಣದಲ್ಲಿ ಹಾಕಿದ್ದು 15, ಕರೆ 2. ಒಳಗಿರುವ ಪರಿಚಯದವರ ರೆಫರಲ್‌ನಿಂದ ಹೋದದ್ದು ಬರೀ 8, ಅದರಿಂದ 5 ಕರೆ. ಅರ್ಧದಷ್ಟು ಕರೆ ಬಂದದ್ದು ಹತ್ತರಲ್ಲಿ ಒಂದರಷ್ಟು ಅರ್ಜಿಯಿಂದ.

ಇಲ್ಲಿ ಕೂಡಲೇ ಒಂದು ಎಚ್ಚರಿಕೆ. ರೆಫರಲ್ ಎಂದರೆ ಮಂತ್ರದಂಡ ಎಂದು ಇದರಿಂದ ತೀರ್ಮಾನಿಸುವಂತಿಲ್ಲ. ಪರಿಚಯದವರನ್ನು ಕೇಳಲು ಸಂಕೋಚವಾಗುವುದರಿಂದ, ನನಗೆ ಸರಿಯಾಗಿ ಹೊಂದುವ ಹುದ್ದೆಗೆ ಮಾತ್ರ ಕೇಳಿದ್ದೆ. ಪೋರ್ಟಲ್‌ನಲ್ಲಿ ಸಂಕೋಚವಿಲ್ಲ, ಸಿಕ್ಕಿದ್ದಕ್ಕೆಲ್ಲ ಒತ್ತಿದ್ದೆ. ಹಾಗಾದರೆ ಕರೆ ತಂದದ್ದು ರೆಫರಲ್ಲೋ, ಹೊಂದಾಣಿಕೆಯೋ? ಇದನ್ನು ಬಿಡಿಸಿ ನೋಡಬೇಕಾದರೆ ಅಷ್ಟೇ ಹೊಂದುವ ಕೆಲವು ಹುದ್ದೆಗಳಿಗೆ ರೆಫರಲ್ ಇಲ್ಲದೆ ನೇರವಾಗಿ ಹಾಕಬೇಕು. ಮುಂದಿನ ಸುತ್ತಿನಲ್ಲಿ ಅದನ್ನೇ ಮಾಡಿದೆ. ಇನ್ನೊಂದು ಸೂಕ್ಷ್ಮ: ಅನೇಕ ಕಂಪನಿಗಳಲ್ಲಿ ನೀವು ಮೊದಲೇ ಜಾಲತಾಣದಲ್ಲಿ ಅರ್ಜಿ ಹಾಕಿದ್ದರೆ ಆಮೇಲೆ ಕೊಟ್ಟ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ, ನಿಮ್ಮ ಹೆಸರು ಆಗಲೇ ಅವರ ಪಟ್ಟಿಯಲ್ಲಿ ಇರುತ್ತದೆ. ಅವಸರದಲ್ಲಿ ಒತ್ತಿದ ಎರಡು ಅರ್ಜಿಯಿಂದ ನಾನು ಎರಡು ಒಳ್ಳೆಯ ರೆಫರಲ್ ಕಳೆದುಕೊಂಡೆ.

ಇನ್ನು ಎರಡನೇ ಸಾಣಿಗೆ. ಹತ್ತು ಕರೆಗೆ ನಾಲ್ಕೇ ತಾಂತ್ರಿಕ ಸುತ್ತು. ಫೋನಿನಲ್ಲಿ ನನಗೆ ಮಾತಾಡಲು ಬರುವುದಿಲ್ಲವೇನೋ ಎಂದು ಕುಗ್ಗಿಹೋಗಿದ್ದೆ, ಕನ್ನಡಿಯ ಮುಂದೆ ಇಂಗ್ಲಿಷ್ ಅಭ್ಯಾಸವನ್ನೂ ಮಾಡಿದೆ. ಕೊನೆಯ ಪ್ರಶ್ನೆಯ ಕಾಲಮ್ ಬೇರೆಯದೇ ಹೇಳುತ್ತಿತ್ತು. ನಿಂತುಹೋದ ಆರು ಕರೆಗಳಲ್ಲಿ ಒಂದು ಸಂಬಳದ ಮೇಲೆ ನಿಂತಿತ್ತು, ಒಂದಕ್ಕೆ ಕಾರಣ ಗೊತ್ತಿಲ್ಲ. ಉಳಿದ ನಾಲ್ಕರ ಕೊನೆಯ ಪ್ರಶ್ನೆ ಒಂದೇ: ವಾರಕ್ಕೆ ಮೂರು ದಿನ ಬೆಂಗಳೂರು ಆಫೀಸಿಗೆ ಬರುತ್ತೀರಾ?

ಬೆಂಗಳೂರಿನ ಹುದ್ದೆಗಳಿಗೆ ನಾನು ಹಾಕಿದ್ದು 31 ಅರ್ಜಿ. ಬಂದ ನಾಲ್ಕೂ ಕರೆ ಇದೇ ಪ್ರಶ್ನೆಗೆ ಮುಗಿದವು. ಹಾಕಿದ್ದು ಏಕೆ? ಕನ್ನಡಿಗ, ಕೆಲಸ ಹೋಗಿದೆ, ಬೆಂಗಳೂರಿಗೆ ಬಂದುಬಿಡು ಎಂದು ಎಲ್ಲರೂ ಹೇಳುತ್ತಾರೆ. ನಾನೂ ಒಳಗೊಳಗೆ ಅದನ್ನು ಒಪ್ಪಿಕೊಂಡವನಂತೆ ಅರ್ಜಿ ಹಾಕುತ್ತಿದ್ದೆ, ಕರೆ ಬಂದಾಗ ಇಲ್ಲ ಎನ್ನುತ್ತಿದ್ದೆ. ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್, ಹೈದರಾಬಾದಿಗೆ ಬಸ್ಸಿನಲ್ಲಿ ಮೂರು ಚಿಲ್ಲರೆ ಗಂಟೆ. 1956ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲೇ ಇತ್ತು. ನಮ್ಮ ಅಜ್ಜನಿಗೆ ಪಟ್ಟಣ ಅಂದರೆ ಇದೇ. ಅಪ್ಪನ ಹಾಸಿಗೆಯ ಪಕ್ಕ ಶನಿವಾರ ಕೂರಬೇಕಾದವನಿಗೆ ತವರಿಗೆ ಹತ್ತಿರದ ಊರು ರಾಜಧಾನಿಯಲ್ಲ, ಈ ಪರರಾಜ್ಯದ ಊರು.

ಅಂದರೆ ಇದು ತಿದ್ದಿಕೊಳ್ಳಬೇಕಾದ ದೋಷವಲ್ಲ, ನನ್ನ ಷರತ್ತು. ಷರತ್ತನ್ನು ಎರಡನೇ ಸಾಣಿಗೆಯಲ್ಲಿ ಬಯಲಾಗಲು ಬಿಡುವುದಕ್ಕಿಂತ ಮೇಲೆಯೇ ಆರಿಸಿ ತೆಗೆಯುವುದು ಒಳ್ಳೆಯದು. ಆ 31ನ್ನು ಲೆಕ್ಕದಿಂದ ತೆಗೆದಾಗ ಉಳಿದದ್ದು 53 ಅರ್ಜಿ, 6 ಕರೆ, 4 ತಾಂತ್ರಿಕ ಸುತ್ತು. ಆರಕ್ಕೆ ನಾಲ್ಕು! ಫೋನಿನಲ್ಲಿ ಮಾತು ಬರದವನಿಗೆ ಇದು ಸಾಧ್ಯವೇ? ಕನ್ನಡಿಯ ಮುಂದಿನ ಅಭ್ಯಾಸ ಅಂದೇ ನಿಲ್ಲಿಸಿದೆ.

ಈ ನಡುವೆ ಲೆಕ್ಕದಲ್ಲಿ ಬಾರದೇ ಇದ್ದ ಒಂದು ಸೋರಿಕೆಯೂ ಸಿಕ್ಕಿತು. ನಾವು ಹಾಕುವ ಅರ್ಜಿಯಲ್ಲದೆ, ನಮ್ಮ ಪ್ರೊಫೈಲ್ ನೋಡಿ ಅವರೇ ಕರೆಯುವುದೂ ಉಂಟಲ್ಲ? ಅನುಭವಿಗಳಿಗೆ ಅದು ದೊಡ್ಡ ದಾರಿ. ನನಗೆ ಆರು ವಾರದಲ್ಲಿ ಅಂಥ ಕರೆ ಬಂದದ್ದು ಮೂರೇ. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮವೊಂದರಲ್ಲಿ ಪರಿಚಯವಾಗಿದ್ದ ರಾಯಚೂರಿನ ಹೆಣ್ಣುಮಗಳೊಬ್ಬರು ಮಾಧಾಪುರದಲ್ಲಿ ನೇಮಕಾತಿ ಕೆಲಸ ಮಾಡುತ್ತಾರೆ. ಏಪ್ರಿಲ್ ಮೊದಲ ವಾರ ಅವರಿಗೆ ಫೋನ್ ಮಾಡಿ, ನನ್ನ ನೌಕ್ರಿ ಪ್ರೊಫೈಲ್ ನಿಮಗೆ ಹೇಗೆ ಕಾಣುತ್ತದೆ ನೋಡಿ ಎಂದೆ. ಹತ್ತು ನಿಮಿಷದಲ್ಲಿ ಮರಳಿ ಕರೆ ಮಾಡಿದರು.

"ಸರ್, ನಾವು ಮೊದ್ಲು ಹಾಕೋದೇ ನೋಟಿಸ್ ಪೀರಿಯಡ್ ಫಿಲ್ಟರ್. ಹದಿನೈದು ದಿನ, ಇಲ್ಲಾ ಒಂದು ತಿಂಗಳು, ಇಲ್ಲಾ ಈಗಾಗ್ಲೇ ನೋಟಿಸ್‌ನ್ಯಾಗ ಇರೋರು. ನಿಮ್ದು ಮೂರು ತಿಂಗಳು ಅಂತ ಐತಿ. ನೀವು ನನ್ನ ಸ್ಕ್ರೀನ್‌ನ್ಯಾಗ ಕಾಣಂಗೇ ಇಲ್ರಿ."

ಮೂರು ವರ್ಷದ ಹಿಂದೆ ತುಂಬಿದ್ದು ಹಾಗೇ ಉಳಿದಿತ್ತು. ಆ ಹೊತ್ತಿಗೆ ನನ್ನ ಕೈಯಲ್ಲಿ ಉಳಿದಿದ್ದದ್ದು ನಾಲ್ಕು ವಾರಕ್ಕಿಂತ ಕಡಿಮೆ. ನೋಟಿಸ್‌ನಲ್ಲಿದ್ದೇನೆ, ಕೊನೆಯ ದಿನ ಏಪ್ರಿಲ್ 30 ಎಂದು ಬದಲಿಸಿದೆ, ಎರಡು ನಿಮಿಷದ ಕೆಲಸ. ಮುಂದಿನ ಮೂರು ವಾರದಲ್ಲಿ 11 ಕರೆ ಬಂದವು. ಇದರಲ್ಲಿ ಪೂರ್ತಿ ಶ್ರೇಯಸ್ಸು ನೋಟಿಸ್ ಬದಲಾವಣೆಗೇ ಸೇರಬೇಕು ಎಂದು ನಾನು ಹೇಳಲಾರೆ. ಇತ್ತೀಚೆಗೆ ಚಟುವಟಿಕೆಯಲ್ಲಿರುವ ಪ್ರೊಫೈಲ್‌ಗಳನ್ನೇ ಆರಿಸಿ ನೋಡುವ ಸೌಲಭ್ಯವೂ ನೇಮಕ ಮಾಡುವವರಿಗೆ ಇರುತ್ತದೆ, ಆ ವಾರ ನಾನು ಅದನ್ನು ದಿನಾ ತೆರೆಯುತ್ತಿದ್ದೆ. ಎರಡೂ ಒಟ್ಟಿಗೆ ಆದದ್ದರಿಂದ ಯಾವುದರ ಪಾಲು ಎಷ್ಟು ಎಂದು ಬಿಡಿಸಲಾಗದು. ಬದಲಾವಣೆ ಒಂದೊಂದಾಗಿ ಮಾಡಿದ್ದರೆ ತಿಳಿಯುತ್ತಿತ್ತು, ಆದರೆ ಕೆಲಸ ಹೋಗುತ್ತಿರುವವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಮೂರನೇ ಸಾಣಿಗೆಯಲ್ಲಿ ಮಾತ್ರ ಲೆಕ್ಕ ಕೈಕೊಡುತ್ತದೆ. ನಾಲ್ಕು ತಾಂತ್ರಿಕ ಸುತ್ತಿನಲ್ಲಿ ಒಂದು ದಾಟಿದೆ. ನಾಲ್ಕಕ್ಕೆ ಒಂದು ಎಂಬ ಪ್ರಮಾಣದಿಂದ ಏನೂ ತಿಳಿಯುವುದಿಲ್ಲ, ಇನ್ನೊಂದು ದಾಟಿದ್ದರೆ ಅದು ಅರ್ಧವಾಗುತ್ತಿತ್ತು. ಸೊನ್ನೆಯೂ ಹೀಗೆಯೇ ಮೋಸ ಮಾಡುತ್ತದೆ. 30 ಅರ್ಜಿಗೆ ಒಂದೂ ಕರೆ ಬಾರದಿದ್ದರೆ ಆ ದಾರಿ ಮುಚ್ಚಿದೆ ಎಂದು ನಮಗನಿಸುತ್ತದೆ. ಅಂಕಿಅಂಶದವರ ಹತ್ತಿರ ಇದಕ್ಕೆ ಒಂದು ಕೈಲೆಕ್ಕವಿದೆ: ಮೂರನ್ನು ಒಟ್ಟು ಸಂಖ್ಯೆಯಿಂದ ಭಾಗಿಸು. 30ರಲ್ಲಿ ಸೊನ್ನೆ ಬಂದರೂ ನಿಜವಾದ ಪ್ರಮಾಣ ಹತ್ತಕ್ಕೆ ಒಂದರವರೆಗೆ ಇರುವುದು ಸಾಧ್ಯ. ಹೊಸ ಸಣ್ಣ ಕಂಪನಿಗಳಿಗೆ ಹಾಕಿದ 12 ಅರ್ಜಿಗೆ ನನಗೆ ಒಂದೂ ಕರೆ ಬಂದಿರಲಿಲ್ಲ. ಅಷ್ಟಕ್ಕೇ ಅವನ್ನು ಬಿಡಲು ಹೊರಟಿದ್ದೆ, ಈ ಲೆಕ್ಕ ನೆನಪಾಗಿ ನಿಂತೆ. ಸಂಖ್ಯೆ ಇಷ್ಟು ಚಿಕ್ಕದಿದ್ದಾಗ ಪ್ರಮಾಣ ಬಿಟ್ಟು ಟಿಪ್ಪಣಿ ಓದಬೇಕು. ನಾನು ಸೋತ ಮೂರರಲ್ಲಿ ಎರಡು ಕಡೆ ದೊಡ್ಡ ವ್ಯವಸ್ಥೆಯೊಂದನ್ನು ಬೋರ್ಡಿನ ಮೇಲೆ ಕಟ್ಟಿ ತೋರಿಸುವ ಸುತ್ತಿನಲ್ಲಿ ಎಡವಿದ್ದೆ. ಏಳು ವರ್ಷ ಒಂದೇ ಉತ್ಪನ್ನದ ಒಂದೇ ಮೂಲೆಯಲ್ಲಿ ಕೆಲಸ ಮಾಡಿದರೆ ಆಗುವುದು ಅದೇ. ದಿನಾ ಬೆಳಿಗ್ಗೆ ಒಂದು ಗಂಟೆ ಅದಕ್ಕಿಟ್ಟೆ.

ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ ಮತ್ತೆ ಆರು ವಾರ. ಈ ಸಲ ಹಾಕಿದ್ದು 22 ಅರ್ಜಿ ಮಾತ್ರ, ಎಲ್ಲವೂ ಹೈದರಾಬಾದಿನವು ಅಥವಾ ಮನೆಯಿಂದ ಮಾಡುವಂಥವು, ಎಲ್ಲವೂ ಓದಿ ಆರಿಸಿದವು. ರೆಫರಲ್‌ನಿಂದ 14, ಅದಕ್ಕೆ 7 ಕರೆ. ನೇರವಾಗಿ ಹಾಕಿದ್ದು 8, ಅದಕ್ಕೆ 2 ಕರೆ. ಮೊದಲ ಸಲ ನೇರ ಅರ್ಜಿ ಹದಿನೈದಕ್ಕೆ ಎರಡು ಕರೆ ತಂದಿತ್ತು, ಈಗ ಎಂಟಕ್ಕೆ ಎರಡು. ಹೊಂದಾಣಿಕೆಗೂ ಪಾಲಿದೆ ಎಂಬ ನನ್ನ ಅನುಮಾನಕ್ಕೆ ಇದು ಸ್ವಲ್ಪ ಬಲ ಕೊಟ್ಟಿತು, ಸಾಬೀತು ಮಾಡುವಷ್ಟಲ್ಲ. ಒಂಬತ್ತು ಕರೆಯಿಂದ 7 ತಾಂತ್ರಿಕ ಸುತ್ತು, 3 ಕೊನೆಯ ಸುತ್ತು, 1 ಆಫರ್. ಅವರಾಗಿಯೇ ಕರೆದ ಹನ್ನೊಂದರಿಂದ 4 ತಾಂತ್ರಿಕ ಸುತ್ತು, 1 ಕೊನೆಯ ಸುತ್ತು, ಅದರಿಂದಲೂ ಒಂದು ಆಫರ್, ಆದರೆ ಅದು ಗುತ್ತಿಗೆ ಕೆಲಸ. ಮೊದಲನೆಯದನ್ನು ಹಿಡಿದೆ. ಸಂಬಳ ಹಿಂದಿನಷ್ಟೇ, ಜುಲೈನಲ್ಲಿ ಗಚ್ಚಿಬೌಲಿಯಲ್ಲಿ ಸೇರಿದೆ.

ಈ ದಾರಿಗೂ ಮಿತಿಯಿದೆ. 22 ರೆಫರಲ್ ಕೇಳುವಷ್ಟು ಪರಿಚಯ ನನಗೆ ಇದ್ದದ್ದು ಹತ್ತು ವರ್ಷ ಇದೇ ಊರಿನಲ್ಲಿ ದುಡಿದದ್ದರಿಂದ. ಆ ಪಟ್ಟಿ ಜೂನ್ ಹೊತ್ತಿಗೆ ಬಹುತೇಕ ಮುಗಿದಿತ್ತು. ಇನ್ನೂ ಎರಡು ತಿಂಗಳು ಹುಡುಕಬೇಕಾಗಿದ್ದರೆ ಏನು ಮಾಡುತ್ತಿದ್ದೆನೋ. ಪೋರ್ಟಲ್ ಬತ್ತದ ಬಾವಿ, ನೀರು ತೆಳು. ಪರಿಚಯದ ಬಾವಿ ಸಿಹಿ, ಆದರೆ ಬೇಗ ತಳ ಕಾಣುತ್ತದೆ. ಯಾವುದನ್ನು ಯಾವಾಗ ಸೇದಬೇಕು ಎಂಬುದನ್ನು ಹುಡುಕಾಟದ ಮೊದಲ ವಾರವೇ ಯೋಚಿಸಬೇಕಿತ್ತು, ನಾನು ಏಳನೇ ವಾರ ಯೋಚಿಸಿದೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನ 140ರ ಪಟ್ಟಿಯಲ್ಲಿ ಕಂಪನಿಯ ಹೆಸರು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಕೂತು ಮೇಲ್‌ಬಾಕ್ಸ್ ಹುಡುಕಿ ದಿನಾಂಕ ತುಂಬಿದೆವು. ಎರಡು ಗಂಟೆ ಹಿಡಿಯಿತು. ಎಲ್ಲೂ ಆಗವಲ್ದು ಎಂದಿದ್ದನಲ್ಲ? ನೋಡಿದರೆ 11 ಕಡೆಯಿಂದ ಕರೆ ಬಂದಿದೆ, ಅದರಲ್ಲಿ 9 ಕಡೆ ಆನ್‌ಲೈನ್ ಕೋಡಿಂಗ್ ಪರೀಕ್ಷೆ ಕೊಟ್ಟಿದ್ದಾನೆ, ದಾಟಿದ್ದು ಒಂದೇ. ಅವನ ಸೋರಿಕೆ ಅರ್ಜಿಯಲ್ಲಿ ಇರಲೇ ಇಲ್ಲ. ಏನಾಗುತ್ತಿದೆ ಅಲ್ಲಿ ಎಂದು ಕೇಳಿದೆ. ಮೊದಲ ಪ್ರಶ್ನೆ ಬಿಡಿಸುವಷ್ಟರಲ್ಲಿ ಒಂದು ಗಂಟೆ ಹೋಗುತ್ತದೆ, ಎರಡನೆಯದಕ್ಕೆ ಸಮಯ ಸಾಲುವುದಿಲ್ಲ ಎಂದ. ಗಡಿಯಾರ ಇಟ್ಟುಕೊಂಡು ಅಭ್ಯಾಸ ಮಾಡಿದ್ದೀಯಾ ಎಂದರೆ ಇಲ್ಲ ಎಂದು ತಲೆಯಾಡಿಸಿದ.

ಸಂಜೆ ಹೈಟೆಕ್ ಸಿಟಿ ಮೆಟ್ರೊ ಹತ್ತಿರ ಬಿಡಲು ಹೋದಾಗ ಗಾಡಿಯಿಂದ ಇಳಿದು ಕೇಳಿದ: "ಹಂಗಾದ್ರ ಈ ವಾರ ಎಷ್ಟು ಅಪ್ಲೈ ಮಾಡ್ಲಿ ಅಣ್ಣಾ?"

"ಮೂರು ಸಾಕು" ಎಂದೆ. "ದಿನಾ ಎರಡು ಪ್ರಶ್ನೆ, ತೊಂಬತ್ತು ನಿಮಿಷ, ಗಡಿಯಾರ ಹಚ್ಚಿ. ಎಷ್ಟು ನಿಮಿಷಕ್ಕ ಮೊದಲನೇದು ಮುಗೀತು ಅಂತ ಬರದಿಡು. ಮುಂದಿನ ಭಾನುವಾರ ಬರೋವಾಗ ಆ ಹಾಳಿ ತಗೊಂಡು ಬಾ."